ಖಾಲಿ ಯಂತ್ರಕ್ಕೆ ಪೂರ್ಣ ಬೆಲೆ: ಒಂದು ಲೆಕ್ಕಪದ್ಧತಿಯ ವಿಮರ್ಶೆ

ಒಂದೇ ಕಂಪನಿಯ ಒಂದು ವಿಭಾಗವು ಇನ್ನೊಂದಕ್ಕೆ ಸರಕು ಒದಗಿಸುವಾಗ ಲೆಕ್ಕದಲ್ಲಿ ನಮೂದಿಸುವ ದರವನ್ನು ವರ್ಗಾವಣೆ ಬೆಲೆ ಎನ್ನುತ್ತಾರೆ. ಪೂರ್ಣ ವೆಚ್ಚಕ್ಕೆ ಶೇ. 10 ಸೇರಿಸಿ ಈ ಬೆಲೆ ಕಟ್ಟುವ ಪದ್ಧತಿಗೆ ಕಾನೂನಿನ ಹಿನ್ನೆಲೆಯೂ ಇದೆ. ಕೇಂದ್ರ ಅಬಕಾರಿ ಮೌಲ್ಯಮಾಪನದ 2000ರ ನಿಯಮಗಳು ಸ್ವಂತ ತಯಾರಿಕೆಗೆ ಬಳಸುವ ಸರಕಿಗೆ ಮೊದಲು ಉತ್ಪಾದನಾ ವೆಚ್ಚದ ಶೇ. 115ರಷ್ಟು, 2003ರಿಂದ ಶೇ. 110ರಷ್ಟು ಮೌಲ್ಯ ನಿಗದಿಪಡಿಸಿದ್ದವು. ಆದರೆ ಅದು ತೆರಿಗೆ ವಿಧಿಸಲು ಹಾಕಿದ ಅಳತೆಯೇ ಹೊರತು, ಸರಕನ್ನು ಎಲ್ಲಿಂದ ಕೊಳ್ಳಬೇಕೆಂದು ತೀರ್ಮಾನಿಸಲು ರೂಪಿಸಿದ್ದಲ್ಲ. ಉತ್ಪಾದನಾ ಸಾಮರ್ಥ್ಯ ಖಾಲಿ ಬಿದ್ದಿರುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ತುಮಕೂರಿನಲ್ಲಿ ಕಚೇರಿಯಿರುವ ಒಂದು ಕಲ್ಪಿತ ಕಂಪನಿಯ ಗುಬ್ಬಿ ವಿಭಾಗವು ತೆಂಗಿನಪುಡಿಯನ್ನೂ ಕುಣಿಗಲ್ ವಿಭಾಗವು ಸಿಹಿತಿಂಡಿಯನ್ನೂ ತಯಾರಿಸುತ್ತವೆ ಎಂದಿಟ್ಟುಕೊಳ್ಳಬಹುದು. ಗುಬ್ಬಿಯ ಮಾಸಿಕ ಸಾಮರ್ಥ್ಯ 100 ಟನ್, ಹೊರಗಿನ ಮಾರಾಟ 70 ಟನ್. ಕಾಯಿ, ಸುಲಿಯುವ ಕೂಲಿ, ಇಂಧನ ಮೊದಲಾಗಿ ಉತ್ಪಾದನೆಯೊಂದಿಗೆ ಏರಿಳಿಯುವ ಚರ ವೆಚ್ಚ ಕಿಲೋಗೆ 160 ರೂಪಾಯಿ. ಉತ್ಪಾದನೆ ಎಷ್ಟಿದ್ದರೂ ತಪ್ಪದ ಸ್ಥಿರ ವೆಚ್ಚ ತಿಂಗಳಿಗೆ 21 ಲಕ್ಷ, ಅಂದರೆ 70 ಟನ್ನಿಗೆ ಹಂಚಿದರೆ ಕಿಲೋಗೆ 30 ರೂಪಾಯಿ. ಒಟ್ಟು 190ಕ್ಕೆ ಶೇ. 10 ಸೇರಿಸಿದರೆ ಬೆಲೆ 209 ಆಗುತ್ತದೆ. ಅದೇ ಪುಡಿ ಹೊರಗೆ 195ಕ್ಕೆ ಸಿಗುವುದರಿಂದ, ತಿಂಗಳಿಗೆ 20 ಟನ್ ಬೇಕಿರುವ ಕುಣಿಗಲ್ ವಿಭಾಗವು ಹೊರಗೇ ಕೊಳ್ಳುತ್ತದೆ. ಆ ವಿಭಾಗದ ಲೆಕ್ಕದಲ್ಲಿ ಇದು ಉಳಿತಾಯವಾದರೂ, ಕಂಪನಿಯು 160ಕ್ಕೆ ತಯಾರಿಸಬಹುದಾದದ್ದಕ್ಕೆ 195 ತೆತ್ತು ತಿಂಗಳಿಗೆ 7 ಲಕ್ಷ ಕಳೆದುಕೊಳ್ಳುತ್ತದೆ. 21 ಲಕ್ಷದ ಸ್ಥಿರ ವೆಚ್ಚ ಮಾತ್ರ ಒಂದು ಪೈಸೆಯೂ ತಗ್ಗುವುದಿಲ್ಲ.

ಪದ್ಧತಿಯ ದೊಡ್ಡ ದೋಷವಿರುವುದು ಅದರ ದಿಕ್ಕಿನಲ್ಲಿ. ಹೊರಗಿನ ಮಾರಾಟ 60 ಟನ್ನಿಗೆ ಇಳಿದರೆ ಸ್ಥಿರ ವೆಚ್ಚದ ಪಾಲು 35 ರೂಪಾಯಿಗೇರಿ ಬೆಲೆ 214.50 ಆಗುತ್ತದೆ, ಯಂತ್ರ ಹೆಚ್ಚು ಖಾಲಿಯಾದಷ್ಟೂ ಒಳಗಿನ ಗಿರಾಕಿಗೆ ಬೆಲೆ ಏರಿ, ಅವನು ಇನ್ನೂ ದೂರ ಸರಿಯುತ್ತಾನೆ.

ಹಾಗೆಂದು 160ಕ್ಕೇ ಬೆಲೆ ನಿಲ್ಲಿಸಿದರೆ ಗುಬ್ಬಿಗೆ ದುಡಿಮೆ ಹೆಚ್ಚುತ್ತದೆಯೇ ಹೊರತು ಗಳಿಕೆಯಲ್ಲ. 160 ಕೆಳಮಿತಿ, 195 ಮೇಲ್ಮಿತಿ. ಇವೆರಡರ ನಡುವೆ ಲಾಭ ಹಂಚಿಕೆಯಾಗಬೇಕು. ಕಿಲೋಗೆ 160ರ ಜೊತೆಗೆ, 20 ಟನ್ ಸಾಮರ್ಥ್ಯ ಕಾಯ್ದಿರಿಸಿದ್ದಕ್ಕೆ ತಿಂಗಳಿಗೆ 3 ಲಕ್ಷ ಗೊತ್ತುಮಾಡಿದರೆ ಗುಬ್ಬಿಗೆ 3 ಲಕ್ಷ, ಕುಣಿಗಲ್‌ಗೆ 4 ಲಕ್ಷ ಉಳಿಯುತ್ತದೆ. ಚರ ವೆಚ್ಚವನ್ನು ಮೊದಲೇ ನಿಗದಿಯಾದ ದರದಲ್ಲಿ ಹಿಡಿದರೆ ಗುಬ್ಬಿಯ ಪೋಲು ಕುಣಿಗಲ್‌ನ ತಲೆಗೆ ಬೀಳುವುದಿಲ್ಲ.

ಈ ಪರಿಹಾರಕ್ಕೂ ಮಿತಿಯಿದೆ. ಹೊರಗಿನ ಗಿರಾಕಿಗಳು 200ರ ದರದಲ್ಲಿ 90 ಟನ್ ಕೇಳತೊಡಗಿದರೆ ಖಾಲಿ ಉಳಿಯುವುದು 10 ಟನ್ ಮಾತ್ರ. ಅದಕ್ಕಿಂತ ಹೆಚ್ಚಿನ ಪ್ರತಿ ಕಿಲೋಗೆ ಕೈತಪ್ಪುವ 40 ರೂಪಾಯಿಯ ಗಳಿಕೆ, ಎಂದರೆ ಅವಕಾಶ ವೆಚ್ಚ, ಸೇರಿ ಕೆಳಮಿತಿ 200ಕ್ಕೇರುವುದರಿಂದ, ಉಳಿದ 10 ಟನ್ನನ್ನು ಕುಣಿಗಲ್ ವಿಭಾಗವು 195ಕ್ಕೆ ಹೊರಗೆ ಕೊಳ್ಳುವುದೇ ಕಂಪನಿಗೆ ಲಾಭ. ಆದ್ದರಿಂದ ವರ್ಷಕ್ಕೊಮ್ಮೆ ಗೊತ್ತುಮಾಡಿ ಮರೆಯುವ ದರಕ್ಕಿಂತ, ಖಾಲಿ ಸಾಮರ್ಥ್ಯದ ಪ್ರಮಾಣಕ್ಕೂ ಅವಧಿಗೂ ಕಟ್ಟುಬಿದ್ದ ದರವೇ ಸಮರ್ಥನೀಯ.