24:10ಕ್ಕೆ ಏನಿದೆ?

ಉದ್ದದ ಪಾಠದ ವಿಡಿಯೊಗೆ ನಿಮಿಷಗಳ ಪಟ್ಟಿ ಹಾಕಿದರೆ ವಿದ್ಯಾರ್ಥಿಗೆ ಉಪಕಾರವಾಯಿತು ಎಂಬ ಮಾತಿಗೆ ಈಗ ಎದುರಾಡುವವರು ಕಡಿಮೆ. ಯಾದಗಿರಿಯಲ್ಲೂ ಶಹಾಪುರದಲ್ಲೂ ಪಾಠ ರೆಕಾರ್ಡ್ ಮಾಡುವ ಅಧ್ಯಾಪಕರಿಗೆ ಮೊದಲು ಸಿಗುವ ಸಲಹೆಯೇ ಇದು. ಆ ಪಟ್ಟಿಗೆ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ತಕರಾರು.

ಸುರಪುರ ಸಂಸ್ಥಾನದ ಮೇಲೆ ಒಂದು ಗಂಟೆಯ ಪಾಠವಿದೆ ಎಂದುಕೊಳ್ಳೋಣ. ಪಟ್ಟಿ ಹೀಗೆ:

```
0:00 ನಾಯಕ ಮನೆತನ
11:30 ಟೇಲರ್ ಆಡಳಿತ
24:10 1858ರ ಬಂಡಾಯ
41:05 ನಿಜಾಮರ ವಶಕ್ಕೆ
```

ಯೂಟ್ಯೂಬಿನ ನಿಯಮಕ್ಕೆ ಇದರಲ್ಲಿ ಕೊರತೆಯಿಲ್ಲ: 0:00ಯಿಂದ ಶುರುವಾಗಿದೆ, ಮೂರಕ್ಕಿಂತ ಹೆಚ್ಚು ಗುರುತುಗಳಿವೆ, ಏರುಕ್ರಮದಲ್ಲಿವೆ. ಬಂಡಾಯದ ಪ್ರಶ್ನೆಗೆ ಓದುವ ಹುಡುಗಿ 24:10 ಒತ್ತುತ್ತಾಳೆ. ಸ್ಲೈಡ್ ಬದಲಾದದ್ದು ಆಗ ನಿಜ, ಆದರೆ ಮೇಷ್ಟ್ರು "ಈಗ ಬಂಡಾಯಕ್ಕೆ ಬರೋಣ" ಎಂದದ್ದು 23:52ಕ್ಕೆ. ಅವಳಿಗೆ ಸಿಗುವುದು ಅರ್ಧ ವಾಕ್ಯ. ಇದು ಸಣ್ಣ ತಪ್ಪು; ಗುರುತನ್ನು ಹಿಂದಕ್ಕೆ ಸರಿಸಿದರೆ ಮುಗಿಯಿತು.

ದೊಡ್ಡ ತಪ್ಪು ಮುಂದಿದೆ. ಸೆರೆಸಿಕ್ಕ ರಾಜಾ ವೆಂಕಟಪ್ಪ ನಾಯಕ, ನೋಡಲು ಬಂದ ಮೆಡೋಸ್ ಟೇಲರ್‌ನನ್ನು "ಅಪ್ಪ" ಎನ್ನುತ್ತಾನೆ. ಬ್ರಿಟಿಷರ ಮೇಲೆ ತಿರುಗಿಬಿದ್ದವನು ಬ್ರಿಟಿಷ್ ಅಧಿಕಾರಿಗೆ ಹೀಗೇಕೆ ಎನ್ನಬೇಕು? ರಾಜ ಚಿಕ್ಕವನಿದ್ದಾಗ ಸಂಸ್ಥಾನ ನಡೆಸಿದವನು ಟೇಲರ್, 1853ರಲ್ಲಿ ಅಧಿಕಾರ ಒಪ್ಪಿಸಿ ಹೋದವನೂ ಅವನೇ. ಆ ಮಾತು 18:40ರಲ್ಲಿದೆ, ಪಟ್ಟಿಯಲ್ಲಿಲ್ಲ. ಅಲ್ಲಿ "ಬಾಲರಾಜ ಮತ್ತು ಟೇಲರ್" ಎಂದೊಂದು ಗುರುತು ಬೇಕು. ಬಂಡಾಯದ ಶೀರ್ಷಿಕೆಯ ಪಕ್ಕದಲ್ಲೇ "ಮೊದಲು 18:40 ಕೇಳಿ" ಎಂದೂ ಇರಬೇಕು. ಪಠ್ಯಪುಸ್ತಕದ ಶೀರ್ಷಿಕೆ ನೋಡಿ ಗುರುತು ಹಾಕುವವರಿಗೆ ಇದು ಹೊಳೆಯುವುದಿಲ್ಲ. ಪಾಠವನ್ನು ಕಿವಿಗೊಟ್ಟು ಕೇಳಿ, ಯಾವ ಮಾತು ಯಾವುದಕ್ಕೆ ಆಧಾರ ಎಂದು ಬರೆದುಕೊಂಡವರಿಗಷ್ಟೇ ಹೊಳೆಯುತ್ತದೆ.

ಇಷ್ಟಕ್ಕೆ "ಪಾಠವನ್ನು ತುಂಡು ಮಾಡಲೇಬಾರದು, ಅಖಂಡವಾಗಿ ಕೇಳಬೇಕು" ಎನ್ನುವ ಹಿರಿಯ ವಿಮರ್ಶಕರು ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುವುದು ಬೇಡ. ಅವರು ಪುಸ್ತಕವನ್ನು ಪರಿವಿಡಿಯಿಲ್ಲದೆ ಓದುತ್ತಾರೆಯೇ? ಪರೀಕ್ಷೆಯ ಹಿಂದಿನ ರಾತ್ರಿ ಗಂಟೆಯ ಪಾಠವನ್ನು ಮತ್ತೆ ಪೂರ್ತಿ ಕೇಳು ಎನ್ನುವುದು ಡೇಟಾ ಮುಗಿಯದವರ ಉಪದೇಶ. ಹತ್ತು ಸಲ ಹಿಂದೆಮುಂದೆ ಎಳೆದು ಕೊನೆಗೆ ಬಿಟ್ಟೇಬಿಡುವ ವಿದ್ಯಾರ್ಥಿಯನ್ನು ಅವರು ನೋಡಿದಂತಿಲ್ಲ. ಎರಡೆರಡು ನಿಮಿಷಕ್ಕೊಂದು ಗುರುತು ಹಾಕುವ ಉತ್ಸಾಹಿಗಳೂ ಕಡಿಮೆಯೇನಲ್ಲ. ಫೋನಿನ ಪರದೆಯ ಮೇಲೆ ಆ ಪಟ್ಟಿ ಓದುವುದೇ ಒಂದು ಪಾಠ.

ಇನ್ನೆರಡು ಮಾತು. ಆರಂಭದ ಸ್ವಾಗತದ 40 ಸೆಕೆಂಡು ಕತ್ತರಿಸಿದರೆ ವಿವರಣೆಯಲ್ಲಿ ಬರೆದ ಅಂಕಿಗಳು ತಾವಾಗಿ ಬದಲಾಗುವುದಿಲ್ಲ. ಪ್ರತಿ ಗುರುತೂ 40 ಸೆಕೆಂಡು ತಡವಾಗಿ ಬೀಳುತ್ತದೆ. ಕತ್ತರಿ ಮೊದಲು, ಪಟ್ಟಿ ಆಮೇಲೆ. ಮತ್ತೆ, ಆ ಪಟ್ಟಿ ಇರುವುದು ವಿಡಿಯೊದ ಒಳಗಲ್ಲ, ಅದರ ವಿವರಣೆಯಲ್ಲಿ. ಅದೇ ಫೈಲು ವಾಟ್ಸಾಪಿನಲ್ಲಿ ಸುರಪುರದ ಹಳ್ಳಿಯ ಫೋನಿಗೆ ತಲುಪಿದಾಗ ಗುರುತು ಒಂದೂ ಜೊತೆಗೆ ಹೋಗುವುದಿಲ್ಲ. ನಿಮಿಷದ ಪಟ್ಟಿಯನ್ನು ಬೇರೆ ಸಂದೇಶವಾಗಿ ಕಳಿಸುವ ಮೇಷ್ಟ್ರು ಇನ್ನೂ ಅಪರೂಪ.