ಹೊಗೆ ಕಂಡರೆ ಬೆಂಕಿ, ಬೆಂಕಿ ಕಂಡರೆ?

ತರ್ಕ ಕಲಿಯಲು ಕೂತವರಿಗೆ ಮೊದಲು ಎದುರಾಗುವುದು ಒಂದು ಬೆಟ್ಟ. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲೂ ಅದೇ ಬೆಟ್ಟ: ಅಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಇದಕ್ಕೆ ಆಧಾರ ‘ಹೊಗೆ ಇದ್ದರೆ ಬೆಂಕಿ ಇರುತ್ತದೆ’ ಎಂಬ ಷರತ್ತಿನ ಮಾತು. ಮೊದಲ ಭಾಗ ನಿಜವಾದಾಗ ಎರಡನೆಯದನ್ನು ಒಪ್ಪುವ ಈ ನಡೆಯನ್ನು ಪಾಶ್ಚಾತ್ಯರು ಮೋಡಸ್ ಪೋನೆನ್ಸ್ ಎನ್ನುತ್ತಾರೆ. ಬೆಟ್ಟದ ಜೊತೆಗೆ ನೈಯಾಯಿಕರು ಕೆರೆಯನ್ನೂ ಇಟ್ಟುಕೊಂಡಿದ್ದಾರೆ. ನೀರಿನಲ್ಲಿ ಬೆಂಕಿಯಿಲ್ಲ, ಹಾಗಾಗಿ ಹೊಗೆಯೂ ಇಲ್ಲ. ಚಳಿಗಾಲದ ಮುಂಜಾನೆ ಕೆರೆಯ ಮೇಲೆ ಬೆಳ್ಳಗೆ ಏಳುವುದನ್ನು ಮಂಜು ಎಂದು ನಾವು ತೀರ್ಮಾನಿಸುವುದು ಹೀಗೆಯೇ. ಎರಡನೆಯ ಭಾಗ ಸುಳ್ಳಾದ್ದರಿಂದ ಮೊದಲನೆಯದೂ ಸುಳ್ಳು ಎನ್ನುವ ಈ ನಡೆ ಮೋಡಸ್ ಟಾಲೆನ್ಸ್.

ಜಾರುವುದು ತಿರುಗಿ ಬರುವಾಗ. ‘ಬೆಂಕಿಯಿದೆ, ಹಾಗಾದರೆ ಹೊಗೆಯೂ ಇರಬೇಕು’ ಎಂದರೆ ನೈಯಾಯಿಕರು ಕಾದು ಕೆಂಪಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ; ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯ ನೀಲಿ ಉರಿಯೂ ಸಾಕು. ಉತ್ತರಾಂಗವನ್ನು ಹಿಡಿದು ಪೂರ್ವಾಂಗವನ್ನು ಸಾಧಿಸುವ ತಪ್ಪು ಇದು. ‘ಹೊಗೆಯಿಲ್ಲ, ಆದ್ದರಿಂದ ಬೆಂಕಿಯಿಲ್ಲ’ ಎನ್ನುವವರೂ ಅದೇ ಉರಿಗೆ ಕೈ ಸುಟ್ಟುಕೊಳ್ಳುತ್ತಾರೆ. ನನಗೆ ಬಹಳ ಮೆಚ್ಚುಗೆಯಾಗುವುದು ಶಾಸ್ತ್ರ ಇಲ್ಲಿಗೇ ನಿಲ್ಲದೆ ಕೊರತೆ ಏನೆಂದೂ ಹೆಸರಿಸುವುದು. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿ ಸೌದೆ ಸೇರಬೇಕು. ಹೇಳದೆ ಉಳಿದ ಈ ಷರತ್ತಿಗೆ ‘ಉಪಾಧಿ’ ಎಂದು ಹೆಸರು.

ದಿನದ ಮಾತಿನಲ್ಲಿ ‘ಆದರೆ’ ಎಂದರೆ ‘ಆದರೆ ಮಾತ್ರ’ ಎಂದೇ ಅಲ್ಲವೇ ಎಂದು ಕೇಳಬಹುದು. ‘ಊಟ ಮುಗಿಸಿದರೆ ಐಸ್‌ಕ್ರೀಂ’ ಎಂದಾಗ ಊಟ ಬಿಟ್ಟರೆ ಐಸ್‌ಕ್ರೀಂ ಇಲ್ಲವೆಂದು ಮಗುವಿಗೂ ಗೊತ್ತು. ನಿಜ, ಮಾತು ಕೊಡುವಾಗ, ಕರಾರು ಹಾಕುವಾಗ ‘ಮಾತ್ರ’ ಒಳಗೇ ಅಡಗಿರುತ್ತದೆ. ತಪ್ಪು ಹುಟ್ಟುವುದೂ ಇದೇ ಅಭ್ಯಾಸದಿಂದ ಎಂದು ನನ್ನ ಎಣಿಕೆ. ಲೋಕದ ಸಂಗತಿಗಳು ನಮ್ಮೊಡನೆ ಕರಾರು ಮಾಡಿಕೊಂಡಿಲ್ಲ. ಒಂದೇ ಫಲಕ್ಕೆ ಹಲವು ಕಾರಣಗಳಿರಬಹುದು.

ವೈದ್ಯರು, ಮೆಕ್ಯಾನಿಕ್‌ಗಳು ಲಕ್ಷಣದಿಂದ ಕಾರಣಕ್ಕೆ ಹೋಗುತ್ತಾರಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹೋಗುತ್ತಾರೆ, ಆದರೆ ಅದನ್ನು ಊಹೆಯೆಂದು ಇಟ್ಟುಕೊಂಡು ಪರೀಕ್ಷಿಸುತ್ತಾರೆ. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ಈಗ ಫ್ಯಾನ್ ನಿಂತಿದೆ. ಕರೆಂಟ್ ಹೋಗಿರಬಹುದು, ಕೆಪಾಸಿಟರ್ ಕೆಟ್ಟಿರಬಹುದು, ರೆಗ್ಯುಲೇಟರ್ ಸುಟ್ಟಿರಬಹುದು. ಕರೆಂಟ್ ಹೋಗಿದ್ದರೆ ಫ್ರಿಜ್ಜಿನೊಳಗಿನ ದೀಪವೂ ಹತ್ತಬಾರದು. ಬಾಗಿಲು ತೆರೆದು ನೋಡಿದರೆ ದೀಪ ಹತ್ತಿದೆ. ಕರೆಂಟ್ ಹೋಗಿಲ್ಲವೆಂದು ಅಲ್ಲಿಗೆ ಖಚಿತ. ಹತ್ತದಿದ್ದರೆ? ಆ ಬಲ್ಬೇ ಹೋಗಿರಬಹುದು, ಹುಡುಕಾಟ ಮುಂದುವರಿಯುತ್ತದೆ.