ಸಿಗಡಿಯ ಕತ್ತು, ಬೊಂಡಾಸಿನ ಮೈಬಣ್ಣ

ಬೆಳಗಾವಿ ಕ್ಯಾಂಪಿನ ಮೀನು ಮಾರುಕಟ್ಟೆಗೆ ನಾನು ಖಾನಾಪುರದಿಂದ ಬರುವುದು ಬೆಳಗಿನ ಚಳಿ ಇನ್ನೂ ಬಿಡದ ಹೊತ್ತಿಗೆ. ಗೋವೆಯ ಕಡೆಯಿಂದ ಚೋರ್ಲಾ ಘಾಟಿ ಏರಿ, ಕಣಕುಂಬಿ, ಜಾಂಬೋಟಿಯ ಕಾಡು ದಾಟಿ ಬಂದ ಮಾಲು ಅಷ್ಟರಲ್ಲಿ ಬುಟ್ಟಿಗೆ ಇಳಿದಿರುತ್ತದೆ. ಒಳ್ಳೆಯ ಸಿಗಡಿಯ ಬುಟ್ಟಿಯ ಮೇಲೆ ಬಗ್ಗಿದರೆ ಮೂಗಿಗೆ ಹೆಚ್ಚೇನೂ ಸಿಗುವುದಿಲ್ಲ. ತಣ್ಣಗಿನ ಉಪ್ಪುಗಾಳಿ, ಅದರ ಹಿಂದೆ ಎಲ್ಲೋ ಒಂದು ಎಳೆ ಸಿಹಿ, ಅಷ್ಟೇ. ಆ ಸಿಹಿಯ ಆಸೆಗೇ ನಾನು ಬಸ್ಸು ಹತ್ತುವುದು.

ಕಳೆದ ನವೆಂಬರಿನ ಒಂದು ಭಾನುವಾರ ನನ್ನ ಮುಂದೆ ಬಿಳಿ ಸಿಗಡಿಯ ಎರಡು ರಾಶಿಗಳಿದ್ದವು. ಒಂದರಲ್ಲಿ ತಲೆಯ ಚಿಪ್ಪಿನ ಅಂಚಿಗೆ ಕಾಡಿಗೆ ಎಳೆದಂತೆ ಸಣ್ಣ ಕಪ್ಪು. ಇನ್ನೊಂದು ಕಲೆಯೇ ಇಲ್ಲದ ಮುತ್ತಿನ ಬಿಳುಪು. ನನ್ನ ಕೈ ತಾನಾಗಿ ಬಿಳುಪಿನ ಕಡೆ ಹೋಯಿತು. ಹಲವು ವರ್ಷಗಳಿಂದ ನನಗೆ ಮೀನು ಕೊಡುವ ಮಾವಶಿ ತಡೆದಳು: “ಕರೀದು ನೋಡಿ ಅಂಜಬ್ಯಾಡ್ರಿ ಅಣ್ಣಾರ. ತಲಿ ಹಿಡದು ಎತ್ತಿ ನೋಡ್ರಿ.”

ಎತ್ತಿದೆ. ಕಪ್ಪಂಚಿನ ಸಿಗಡಿ ತಲೆಯಿಂದ ಬಾಲದವರೆಗೆ ಒಂದೇ ಬಿಲ್ಲಾಗಿ ಬಾಗಿ ನಿಂತಿತು. ಚಿಪ್ಪು ಮೈಗೆ ಬಿಗಿದು ಕೂತಿತ್ತು, ಒಳಗಿನ ಮಾಂಸ ಗಾಜಿನಂತೆ ಅರೆಪಾರದರ್ಶಕ, ಬೆರಳಿಗೆ ಪುಟಿಯುವಂಥದ್ದು. ಬಿಳಿಯದನ್ನು ಎತ್ತಿದರೆ ಮೈ ಜೋತಾಡಿತು. ತಲೆ ಮತ್ತು ಮೈ ಕೂಡುವಲ್ಲಿ ಸಂದು ಬಿಟ್ಟಿತ್ತು, ಅಲ್ಲಿ ಒತ್ತಿದರೆ ಮಾಂಸ ನೆನೆದ ಅವಲಕ್ಕಿಯಂತೆ ಮೆದು. ಮೂಗಿನ ಹತ್ತಿರ ತಂದಾಗ ನವಸಾಗರದಂಥ ತೆಳು ಚುರುಕು. ಕಪ್ಪಂಚಿನದನ್ನೇ ಒಂದು ಕಿಲೋ ತೂಗಿಸಿಕೊಂಡೆ.

ಆ ಕಪ್ಪಿನ ಕಥೆ ನನಗೆ ಬಹಳ ಪ್ರಿಯ. ಸಿಗಡಿ ಹಳೆಯ ಚಿಪ್ಪು ಕಳಚಿ ಹೊಸದನ್ನು ತೊಡುವಾಗ ಅದನ್ನು ಗಟ್ಟಿ ಮಾಡಲು, ಗಾಯವಾದಾಗ ಮುಚ್ಚಲು ಅದರ ಮೈಯಲ್ಲಿ ಒಂದು ಕಿಣ್ವವಿದೆ. ಜೀವ ಹೋದ ಮೇಲೂ ಅದು ಕೆಲಸ ಬಿಡುವುದಿಲ್ಲ. ಗಾಳಿ ತಾಗಿದ ಕಡೆಯೆಲ್ಲ ಕಪ್ಪು ಬರೆಯುತ್ತಾ ಹೋಗುತ್ತದೆ. ಹೆಚ್ಚಿದ ಬದನೆ ಕಪ್ಪಾಗುವುದೂ ಇದೇ ಬಗೆಯ ಕಿಣ್ವದಿಂದ. ಹಾಗಾಗಿ ಅಂಚಿನ ಕಪ್ಪು ಕೊಳೆತದ್ದರ ಗುರುತಲ್ಲ. ಅದೇ ಕಪ್ಪು ಮಾಂಸಕ್ಕೇ ಇಳಿದು, ಜತೆಗೆ ಮೈ ಮೆದುವಾಗಿದ್ದರೆ ಮಾತ್ರ ಬುಟ್ಟಿ ಬಿಟ್ಟು ಮುಂದೆ ನಡೆಯಬೇಕು. ಇತ್ತ ಬಿಳುಪನ್ನೂ ನಂಬುವಂತಿಲ್ಲ. ಸಲ್ಫೈಟ್ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿದರೆ ಕಪ್ಪು ಮೂಡುವುದು ನಿಲ್ಲುತ್ತದೆ, ಕೆಡುವುದು ನಿಲ್ಲುವುದಿಲ್ಲ. ಕತ್ತಿಗೆ ಆ ಉಪಾಯ ನಡೆಯದು. ಸಿಗಡಿಯ ತಲೆಯೊಳಗೆ, ಕತ್ತಿಗೆ ಆತುಕೊಂಡೇ, ಅದರ ಜೀರ್ಣಗ್ರಂಥಿ ಇದೆ. ಸತ್ತ ಮೇಲೆ ಅದರ ರಸ ಸೋರಿ, ತನ್ನದೇ ಮಾಂಸವನ್ನು ಮೊದಲ ಗೆಣ್ಣಿನಿಂದ ಜೀರ್ಣಿಸತೊಡಗುತ್ತದೆ. ಆದ್ದರಿಂದ ಸಡಿಲುವುದು ಮೊದಲು ಕತ್ತು.

ಅದೇ ಮಾರುಕಟ್ಟೆಯಲ್ಲಿ ಬೆಳಿಗ್ಗೆ ತಂದ ಕುರಿಮಾಂಸ ಮಧ್ಯಾಹ್ನದವರೆಗೂ ತಡೆಯುತ್ತದೆ. ಸಿಗಡಿಗೇಕೆ ಆ ತಾಳಿಕೆ ಇಲ್ಲ? ಕುರಿ ಸತ್ತ ಮೇಲೆ ಅದರ ಸ್ನಾಯುವಿನಲ್ಲಿದ್ದ ಸಕ್ಕರೆ ಆಮ್ಲವಾಗಿ ಮಾಂಸಕ್ಕೆ ತುಸು ಹುಳಿ ಕೊಡುತ್ತದೆ, ಆ ಹುಳಿಯೇ ಕಾವಲು. ಸಿಗಡಿ, ಏಡಿ, ಬೊಂಡಾಸಿನಲ್ಲಿ ಅಂಥ ಹುಳಿ ಹೆಚ್ಚು ಏಳುವುದಿಲ್ಲ. ಅದಕ್ಕಿಂತ ಸೊಗಸಾದ ಕಾರಣ ಇನ್ನೊಂದಿದೆ. ಕಡಲಿನ ಉಪ್ಪಿಗೆ ಮೈ ಒಣಗದಂತೆ ಈ ಜೀವಿಗಳು ತಮ್ಮ ಜೀವಕೋಶಗಳಲ್ಲಿ ಬಿಡಿ ಅಮೈನೋ ಆಮ್ಲಗಳನ್ನು ತುಂಬಿಕೊಂಡಿರುತ್ತವೆ. ಗ್ಲೈಸಿನ್ ಎಂಬುದು ಅವುಗಳಲ್ಲೊಂದು, ನಾಲಿಗೆಗೆ ಸಿಹಿಯಾದದ್ದು. ನಾವು ಆಸೆಪಟ್ಟು ಹುಡುಕುವ ಆ ಸಿಹಿಯೇ ಸೂಕ್ಷ್ಮಜೀವಿಗಳಿಗೆ ಅರೆದು ಇಟ್ಟ ಊಟ. ಆ ಸೂಕ್ಷ್ಮಜೀವಿಗಳಲ್ಲಿ ಕೆಲವು ಫ್ರಿಜ್ಜಿನ ತಂಪಿಗೂ ಬೆದರುವುದಿಲ್ಲ. ಮಂಜುಗಡ್ಡೆಯ 0 ಡಿಗ್ರಿಯಲ್ಲಿ ಕೆಡುವುದಕ್ಕಿಂತ 5 ಡಿಗ್ರಿಯಲ್ಲಿ ಎರಡು ಪಟ್ಟು, 10 ಡಿಗ್ರಿಯಲ್ಲಿ ನಾಲ್ಕು ಪಟ್ಟು ಬೇಗ ಕೆಡುತ್ತದೆ. ನಾನು ಸಿಗಡಿಯ ತೂಕದಷ್ಟೇ ಮಂಜುಗಡ್ಡೆ ಡಬ್ಬಿಗೆ ಹಾಕಿಸಿಕೊಂಡೇ ಖಾನಾಪುರದ ದಾರಿ ಹಿಡಿಯುತ್ತೇನೆ. ಕರಗಿದ ನೀರು ಮಾತ್ರ ಬಸಿದು ಹೋಗಬೇಕು, ಇಲ್ಲದಿದ್ದರೆ ಆ ಸಿಹಿಯೂ ಅದರೊಂದಿಗೆ ಬಸಿಯುತ್ತದೆ.

ಬೊಂಡಾಸಿಗಂತೂ ಮಂಜುಗಡ್ಡೆಯ ನೀರು ನೇರ ತಾಗಲೇಬಾರದು, ಉಬ್ಬಿ ಸಪ್ಪೆಯಾಗುತ್ತದೆ. ಗೋವೆಯವರು ಮಾಣಕಿ ಎನ್ನುವ ಈ ಬೊಂಡಾಸಿನಷ್ಟು ಚೆಂದದ ಮೈ ಆ ಮಾರುಕಟ್ಟೆಯಲ್ಲಿ ಬೇರೆ ಯಾವುದಕ್ಕೂ ಇಲ್ಲ. ತಾಜಾ ಇದ್ದಾಗ ಅದರ ತೊಗಲ ತುಂಬ ಕಂದು ನೇರಳೆ ಚುಕ್ಕಿಗಳು, ಒಂದೊಂದೂ ಸೂಜಿಯಿಂದ ಇಟ್ಟಂತೆ ಬಿಡಿಬಿಡಿ. ಅವು ಬಣ್ಣದ ಪುಟ್ಟ ಚೀಲಗಳು. ತೀರ ಹೊಸದಾಗಿದ್ದರೆ ಬೆರಳಾಡಿಸಿದಲ್ಲಿ ಅವು ಮೆಲ್ಲಗೆ ಅರಳಿ, ಮತ್ತೆ ಮುದುಡುವುದನ್ನು ಕಾಣಬಹುದು. ಚೋರ್ಲಾ ದಾಟಿ ಬಂದದ್ದರಲ್ಲಿ ನನಗೆ ಆ ಭಾಗ್ಯ ಒಮ್ಮೆಯೂ ಸಿಕ್ಕಿಲ್ಲ. ಕಾರವಾರದ ದಂಡೆಯಲ್ಲಿ ನೋಡಿದ್ದೇನೆ. ದಿನ ಕಳೆದಂತೆ ಚೀಲಗಳು ಒಡೆದು, ಚುಕ್ಕಿಗಳು ಕಲೆಸಿ, ಬಣ್ಣ ಒಳಕ್ಕೆ ಜಿನುಗುತ್ತದೆ. ಅದಕ್ಕೇ ಮಾವಶಿಯ ಹತ್ತಿರ ಒಂದರ ತೊಗಲನ್ನು ತುಸು ಸುಲಿಸಿ ನೋಡುತ್ತೇನೆ. ಒಳಗಿನ ಮಾಂಸ ಹಾಲುಬಿಳುಪಾಗಿ ಹೊಳೆದರೆ ಅಂದೇ ಸಂಜೆ ಅದು ನಮ್ಮ ಬಾಣಲೆಗೆ. ಗುಲಾಬಿ ತಿರುಗಿದ್ದರೆ ಬೇಡ, ಎಷ್ಟು ಅಗ್ಗವಾದರೂ ಬೇಡ.

ಏಡಿಯ ವಿಷಯದಲ್ಲಿ ನಾನು ಹಟಮಾರಿ: ಕಾಲಾಡಿಸುವುದನ್ನೇ ಕೊಳ್ಳುವುದು. ಅದರ ಜೀರ್ಣಗ್ರಂಥಿ ದೊಡ್ಡದು, ಸತ್ತ ಕೆಲವೇ ತಾಸಿನಲ್ಲಿ ಮಾಂಸ ನೀರಾಗತೊಡಗುತ್ತದೆ. ಕಡಲ ಏಡಿ ನೀರು ಬಿಟ್ಟರೆ ಬಹಳ ಹೊತ್ತು ಬದುಕದು, ಬೆಳಗಾವಿಗೆ ಅದು ಮಂಜುಗಡ್ಡೆಯ ಮೇಲೆ ಸತ್ತೇ ಬರುತ್ತದೆ. ಅಳಿವೆಯ ಕೆಸರು ಏಡಿ ಹಾಗಲ್ಲ, ಒದ್ದೆ ಗೋಣಿಯಲ್ಲಿ ಕಾಲು ಕಟ್ಟಿ ತಂದರೂ ದಿನಗಟ್ಟಲೆ ಗುಟುಕುಜೀವ ಹಿಡಿದಿರುತ್ತದೆ. ಎರಡು ಒಂದೇ ಗಾತ್ರದವನ್ನು ಎರಡು ಅಂಗೈಯಲ್ಲಿಟ್ಟು ತೂಗಿ ನೋಡಬೇಕು. ಆಗಷ್ಟೇ ಚಿಪ್ಪು ಬದಲಿಸಿದ್ದು ಹಗುರ, ಒಳಗೆ ಬರೀ ನೀರು. ತುಂಬಿದ್ದು ಕಲ್ಲಿನಂತೆ ಅಂಗೈಯನ್ನು ಕೆಳಕ್ಕೆ ಒತ್ತುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಪಡುವಣ ಕಡಲಿನಲ್ಲಿ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ. ಆಗ ನಾನು ಕ್ಯಾಂಪಿನ ಕಡೆ ತಲೆ ಹಾಕುವುದು ಕಡಿಮೆ. ಖಾನಾಪುರದ ಮಳೆ ಹಿಡಿದು, ಮಲಪ್ರಭೆ ಕೆಂಪಾಗಿ, ಗದ್ದೆಯ ಬದುಗಳಿಂದ ಏಡಿ ಹೊರಬೀಳುವ ಕಾಲ ಅದು. ಹಿಡಿದವರು ಜೀವಂತ ತಂದು ಕೊಡುತ್ತಾರೆ, ತಾಜಾತನದ ಪ್ರಶ್ನೆಯೇ ಏಳುವುದಿಲ್ಲ. ಸಿಹಿನೀರಿನ ಜೀವಿಗೆ ಉಪ್ಪಿನ ಕಾಟವಿಲ್ಲದ್ದರಿಂದ ಕಡಲ ಏಡಿಯ ಆ ದಟ್ಟ ಸಿಹಿ ಇದರಲ್ಲಿಲ್ಲ. ಬದಲಿಗೆ ಮಣ್ಣಿನ, ತೊರೆಕಲ್ಲಿನ ಒಂದು ಗಂಭೀರ ರುಚಿ. ಹೊಳೆ ಏಡಿಯಲ್ಲಿ ಪರೋಪಜೀವಿ ಹುಳು ಇರಬಹುದಾದ್ದರಿಂದ ಅರೆಬೆಂದದ್ದನ್ನು ನಮ್ಮ ಮನೆಯಲ್ಲಿ ಬಡಿಸುವುದಿಲ್ಲ. ಕಾಲುಗಳನ್ನು ಒರಳಲ್ಲಿ ಜಜ್ಜಿ, ರಸ ಸೋಸಿ, ಮೆಣಸು ಬೆಳ್ಳುಳ್ಳಿ ಹಾಕಿ ಚೆನ್ನಾಗಿ ಕುದಿಸಿದ ಆ ಸಾರನ್ನು ಹೊರಗೆ ಮಳೆ ಸುರಿಯುವಾಗ ಬಟ್ಟಲಿನಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತೇವೆ.